ಗೆಜೆಟ್‌ನಲ್ಲಿ ಹೆಸರು ಬದಲಾಯಿಸಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಏನು ಮಾಡಲಿ?

ಜಮಖಂಡಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನನ್ನ ನಿಜವಾದ ಹೆಸರು ಇಲ್ಲಿ ಹಾಕುವುದಿಲ್ಲ, ತಿಪ್ಪವ್ವ ಎಂದು ಇಟ್ಟುಕೊಳ್ಳಿ. ನನ್ನದೂ ಅದೇ ತರಹದ ಹೆಸರು. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ಅದಕ್ಕೆ ನಾನು ಹುಟ್ಟಿದಾಗ ಅಜ್ಜಿ ತಿಪ್ಪೆಯಲ್ಲಿ ಹೊರಳಿಸಿ ಈ ಹೆಸರು ಇಟ್ಟರು. ಅಜ್ಜಿಯ ಮೇಲೆ ಸಿಟ್ಟಿಲ್ಲ. ಆದರೆ ಬಿ.ಇಡಿ ಮುಗಿಸಿ ಪಾಠ ಮಾಡಲು ನಿಂತಾಗ ಮಕ್ಕಳು ಹಿಂದಿನ ಬೆಂಚಿನಲ್ಲಿ ನಗುತ್ತಾರೆ. ಮನೆಯಲ್ಲಿ ಎಲ್ಲರೂ ತೃಪ್ತಿ ಎಂದೇ ಕರೆಯುತ್ತಾರೆ. ಅದನ್ನೇ ಕಾಯಂ ಮಾಡಿಕೊಳ್ಳಬೇಕು.

ಈಗ ನನ್ನ ಹತ್ತಿರ ಇರುವುದು: ಎಸ್ಸೆಸ್ಸೆಲ್ಸಿ, ಪಿಯುಸಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಬಿ.ಎಸ್ಸಿ ಮತ್ತು ಬಿ.ಇಡಿ, ಆಧಾರ್, ಪ್ಯಾನ್, ಎರಡು ಬ್ಯಾಂಕ್ ಖಾತೆ, ವೋಟರ್ ಕಾರ್ಡ್, ಜಾತಿ ಪ್ರಮಾಣಪತ್ರ. ಏಜೆಂಟ್ ಒಬ್ಬರು ದಿಲ್ಲಿಗೆ ಕಾಗದ ಕಳಿಸಿ ಗೆಜೆಟ್ ಆದರೆ ಸಾಕು, ಎಲ್ಲಾ ಮಾರ್ಕ್ಸ್ ಕಾರ್ಡ್ ಹೊಸ ಹೆಸರಲ್ಲಿ ಬರುತ್ತವೆ ಎಂದರು. ನಿಜಾನಾ?

ಕೊಲ್ಹಾಪುರ ಬಸ್ಸು

ಅಕ್ಕಾರ, ದಿಲ್ಲಿ ತನಕ ಯಾಕೆ ಹೋಗ್ತೀರಿ? ನಮ್ಮ ಮಾವನ ಮಗ ಕೊಲ್ಹಾಪುರದಲ್ಲಿ ಕುಳಿತು ಆನ್‌ಲೈನ್‌ನಲ್ಲೇ ಮಾಡಿಸಿದ. ಮಹಾರಾಷ್ಟ್ರ ಗೆಜೆಟ್. ಪತ್ರಿಕೆ ಜಾಹೀರಾತೂ ಇಲ್ಲ, ಏನೂ ಇಲ್ಲ. ನಿಪ್ಪಾಣಿ ದಾಟಿದರೆ ಕೆಲಸ ಮುಗೀತು.

ಟೈಪಿಂಗ್ ಅಂಗಡಿ, ಬೆಳಗಾವಿ

ನಿಮ್ಮ ಮಾವನ ಮಗ ಅಲ್ಲಿಯ ನಿವಾಸಿ, ಅದಕ್ಕೆ ಆಯಿತು. ಜಮಖಂಡಿ ವಿಳಾಸ ಇರುವವರಿಗೆ ಅದು ಆಗುವುದಿಲ್ಲ. ಸುಳ್ಳು ಬಾಡಿಗೆ ಕರಾರು ಮಾಡಿಸಿ ಹೋದವರನ್ನು ನೋಡಿದ್ದೇನೆ. ಆಮೇಲೆ ಆಧಾರ್ ವಿಳಾಸ ಒಂದು, ಗೆಜೆಟ್ ವಿಳಾಸ ಇನ್ನೊಂದು ಆಗಿ ಎಲ್ಲಾ ಕಡೆ ಪ್ರಶ್ನೆ ಕೇಳಿಸಿಕೊಂಡರು.

ನಾನು ಕೋರ್ಟ್ ಎದುರು ಟೈಪಿಂಗ್ ಮಾಡುವವನು, ವಕೀಲ ಅಲ್ಲ. ಆದರೆ ಈ ಕಾಗದ ವರ್ಷಕ್ಕೆ ಹತ್ತಾರು ನನ್ನ ಕೈಯಿಂದ ಹೋಗುತ್ತವೆ. ನಮ್ಮ ಕಡೆಯವರು ಮಾಡಿಸುವುದು ಭಾರತ ಸರ್ಕಾರದ ಗೆಜೆಟ್. ಅದರ ನಾಲ್ಕನೇ ಭಾಗದಲ್ಲಿ ಇಂಥ ಸೂಚನೆಗಳು ಬರುತ್ತವೆ. ವಾರಕ್ಕೊಮ್ಮೆ, ಶನಿವಾರದ ಸಂಚಿಕೆ. ಕಾಗದಪತ್ರ ದಿಲ್ಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಾಶನ ಇಲಾಖೆಗೆ ಹೋಗಬೇಕು. ಮೊದಲು ನೋಟರಿ ಮುಂದೆ ಅಫಿಡವಿಟ್, ಆಮೇಲೆ ಪತ್ರಿಕೆಯಲ್ಲಿ ಜಾಹೀರಾತು, ಆಮೇಲೆ ಅವರದೇ ನಮೂನೆಯಲ್ಲಿ ಟೈಪ್ ಮಾಡಿದ ಸೂಚನೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ, ಫೋಟೋ, ಗುರುತಿನ ಚೀಟಿ, ಶುಲ್ಕ ಕಟ್ಟಿದ ರಸೀದಿ. ಇಷ್ಟು ಯಾವ ಏಜೆಂಟಾದರೂ ಮಾಡಿಕೊಡುತ್ತಾನೆ. ಕೆಲಸ ಕೆಡುವುದು ಇಲ್ಲಲ್ಲ.

ಕೆಡುವುದು ಒಂದೇ ಸಾಲಿನಲ್ಲಿ. ಹಳೆ ಹೆಸರು ಬರೆಯುವ ಸಾಲು. ತಂಗಿ, ನಿಮ್ಮ ಹಳೆ ಹೆಸರು ಒಂದೊಂದು ಕಾಗದದಲ್ಲಿ ಇಂಗ್ಲಿಷ್‌ನಲ್ಲಿ ಹೇಗಿದೆ ಎಂದು ಅಕ್ಷರ ಅಕ್ಷರ ನೋಡಿ ಇಲ್ಲಿ ಹಾಕಿ. ಹೆಸರು ತಿಪ್ಪವ್ವ ಎಂದೇ ಇಟ್ಟುಕೊಳ್ಳಿ, ಆದರೆ ವ್ಯತ್ಯಾಸಗಳು ನಿಮ್ಮ ಕಾಗದದಲ್ಲಿ ಇದ್ದಂತೆಯೇ ಇರಲಿ.

ನಿವೃತ್ತ ಮಾಸ್ತರ

ಮಗಳೇ, ಗಾಬರಿ ಆಗಬೇಡ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇದ್ದವನು. ಎಸ್ಸೆಸ್ಸೆಲ್ಸಿ ಹೆಸರು ಬದಲಾಯಿಸಬಹುದು. ಶಾಲೆಯ ಮುಖ್ಯಗುರುಗಳಿಗೆ ಅರ್ಜಿ ಕೊಡು. ಅವರು ದಾಖಲಾತಿ ರಜಿಸ್ಟರ್ ನಕಲು ಹಚ್ಚಿ ಬೋರ್ಡಿಗೆ ಕಳಿಸುತ್ತಾರೆ. ನಾನೇ ಎಷ್ಟೋ ಮಕ್ಕಳದ್ದು ಮಾಡಿಸಿದ್ದೇನೆ.

ಟೈಪಿಂಗ್ ಅಂಗಡಿ, ಬೆಳಗಾವಿ

ಸರ್, ನೀವು ಮಾಡಿಸಿದ್ದು ತಿದ್ದುಪಡಿ. ರಜಿಸ್ಟರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಅಚ್ಚಾಗಿದ್ದರೆ ಬೋರ್ಡ್ ಸರಿ ಮಾಡಿಕೊಡುತ್ತದೆ. ಅಲ್ಲಿ ಶಾಲೆಯ ರಜಿಸ್ಟರೇ ಸಾಕ್ಷಿ. ಈ ತಂಗಿಯ ರಜಿಸ್ಟರ್‌ನಲ್ಲೂ ತಿಪ್ಪವ್ವ ಎಂದೇ ಇದೆ, ಕಾರ್ಡಿನಲ್ಲೂ ಹಾಗೇ ಇದೆ. ತಪ್ಪೇ ಇಲ್ಲದ ಮೇಲೆ ಏನು ತಿದ್ದುತ್ತಾರೆ? ಪರೀಕ್ಷೆ ಬರೆದ ದಿನ ಅವಳ ಹೆಸರು ಅದೇ ಇತ್ತಲ್ಲ.

ನಿವೃತ್ತ ಮಾಸ್ತರ

ಅದೂ ಖರೆ. ಆದರೆ ಕೋರ್ಟಿನಿಂದ ಆದೇಶ ತಂದವರದ್ದು ಆಗಿದೆ. ಒಂದೆರಡು ನಾನೇ ನೋಡಿದ್ದೇನೆ.

ಟೈಪಿಂಗ್ ಅಂಗಡಿ, ಬೆಳಗಾವಿ

ಹೌದು ಸರ್, ಆ ದಾರಿ ಇದೆ. ಸಿವಿಲ್ ಕೋರ್ಟಿನಲ್ಲಿ ಘೋಷಣೆ ದಾವಾ ಹಾಕಬೇಕು. ಸರ್ಕಾರವನ್ನು ಪ್ರತಿವಾದಿ ಮಾಡುವುದರಿಂದ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಆಮೇಲೆ ತಾರೀಖಿನ ಮೇಲೆ ತಾರೀಖು. 2021ರಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ವಿರುದ್ಧದ ಪ್ರಕರಣಗಳಲ್ಲಿ ಹೆಸರು ವ್ಯಕ್ತಿಯ ಗುರುತಿನ ಭಾಗ, ಬದಲಾವಣೆಗೆ ಬೋರ್ಡ್ ಪೂರ್ತಿ ಬಾಗಿಲು ಹಾಕುವಂತಿಲ್ಲ ಎಂದಿತು. ಆದರೆ ಆ ತೀರ್ಪು ಕೂಡ ತಿದ್ದುಪಡಿ ಬೇರೆ, ಬದಲಾವಣೆ ಬೇರೆ ಎಂದೇ ಹೇಳಿತು. ಪೂರ್ತಿ ಹೊಸ ಹೆಸರಿಗೆ ಕೋರ್ಟಿನ ಅನುಮತಿ ಮತ್ತು ಗೆಜೆಟ್ ಎರಡೂ ಬೇಕು. ಹೊಸ ಪ್ರಮಾಣಪತ್ರ ಕೊಟ್ಟರೂ ಹಳೆ ಹೆಸರು ಮರೆಯಾಗಿ ಹೋಗುವುದಿಲ್ಲ, ಅದರ ಉಲ್ಲೇಖ ಇರುತ್ತದೆ. ನಮ್ಮ ರಾಜ್ಯ ಬೋರ್ಡಿನ ಮುಂದೆ ಈ ತೀರ್ಪು ಹಿಡಿದು ಹೋಗಬಹುದು. ಆದರೆ ಅವರು ತಾವಾಗಿ ಕೊಡುತ್ತಾರೆ ಎಂದು ನಂಬಿ ಕೂರಬೇಡಿ.

ಅದಕ್ಕೆ ನನ್ನ ಸಲಹೆ ಬೇರೆ. ಮಾರ್ಕ್ಸ್ ಕಾರ್ಡುಗಳನ್ನು ಮುಟ್ಟಲೇಬೇಡಿ. ಅವು ಹಳೆ ಹೆಸರಲ್ಲೇ ಇರಲಿ. ಜೊತೆಗೆ ಗೆಜೆಟ್ ಇಟ್ಟುಕೊಳ್ಳಿ. ಎರಡೂ ಕೂಡಿಸಿ ಓದಿದರೆ ಆ ತಿಪ್ಪವ್ವಳೇ ಈ ತೃಪ್ತಿ ಎಂದು ಗೊತ್ತಾಗಬೇಕು. ನಮ್ಮ ಊರನ್ನೇ ನೋಡಿ. 2014ರ ನವೆಂಬರ್ 1ರಿಂದ ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹಳೆ ಸರ್ಟಿಫಿಕೇಟ್‌ನಲ್ಲಿ ಬೆಳಗಾಂ ಎಂದಿದೆ ಎಂದು ಯಾರಾದರೂ ಬೋರ್ಡಿಗೆ ಹೋದರಾ?

ಸೊಸೆ, ವಿಜಯಪುರ

ನನಗೂ ಇದೇ ಬೇಕಾಗಿತ್ತು. ನನ್ನದು ಮದುವೆ ಆದ ಮೇಲೆ ಅಡ್ಡಹೆಸರು ಬದಲಾಗಬೇಕು. ತವರಿನ ಬಡಿಗೇರ ಹೋಗಿ ಗಂಡನ ಮನೆಯ ಉಳ್ಳಾಗಡ್ಡಿ ಬರಬೇಕು. ಗೆಜೆಟ್‌ಗೆ ಎಷ್ಟು ದಿನ ಹಿಡಿಯುತ್ತದೆ? ಅತ್ತೆಯವರು ಅವಸರ ಮಾಡುತ್ತಿದ್ದಾರೆ.

ಬ್ಯಾಂಕಿನ ಕೌಂಟರ್‌ನವ

ಅಕ್ಕಾರ, ನಿಮಗೆ ಗೆಜೆಟ್ ಯಾಕೆ? ಮದುವೆ ನೋಂದಣಿ ಪ್ರಮಾಣಪತ್ರ ಸಾಕು. ನಮ್ಮ ಕೆವೈಸಿ ನಿಯಮದಲ್ಲಿ ಸ್ಪಷ್ಟವಾಗಿ ಇದೆ. ಗುರುತಿನ ದಾಖಲೆ ಕೊಟ್ಟ ಮೇಲೆ ಹೆಸರು ಬದಲಾಗಿದ್ದರೂ ಹಳೆ ಹೆಸರಿನ ಆ ದಾಖಲೆಯೇ ನಡೆಯುತ್ತದೆ. ಜೊತೆಗೆ ಸರ್ಕಾರದ ಮದುವೆ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ, ಎರಡರಲ್ಲಿ ಒಂದು ಇರಬೇಕು. ಬರೀ ಅಫಿಡವಿಟ್ ತಂದರೆ ನಾವು ತೆಗೆದುಕೊಳ್ಳುವುದಿಲ್ಲ. ಪತ್ರಿಕೆ ಕಟಿಂಗ್ ಒಂದೇ ತಂದರೂ ಇಲ್ಲ. ಕೌಂಟರ್‌ನಲ್ಲಿ ಇದರ ಮೇಲೇ ಜಾಸ್ತಿ ಜಗಳ.

ಅಂದ ಹಾಗೆ ಅಡ್ಡಹೆಸರು ಬದಲಾಯಿಸಲೇಬೇಕು ಎಂದು ಯಾವ ಕಾನೂನೂ ಇಲ್ಲ. ಅತ್ತೆಯವರಿಗೆ ಹೇಳುವುದು ನಿಮಗೆ ಬಿಟ್ಟಿದ್ದು!

ಸೊಸೆ, ವಿಜಯಪುರ

ಉಳ್ಳಾಗಡ್ಡಿ ಆಗುವುದಕ್ಕೆ ನನಗೂ ಅಂಥ ಅವಸರ ಇಲ್ಲ ಬಿಡಿ 😄 ಮದುವೆ ನೋಂದಣಿ ಮಾಡಿಸಿಯೇ ಇಲ್ಲ, ಅದನ್ನು ಮೊದಲು ಮಾಡಿಸುತ್ತೇನೆ.

ಜಮಖಂಡಿ ಕಡೆಯವಳು

ಅಣ್ಣಾ, ಎಲ್ಲಾ ತೆಗೆದು ನೋಡಿದೆ. ಎಸ್ಸೆಸ್ಸೆಲ್ಸಿ ಮತ್ತು ಡಿಗ್ರಿಯಲ್ಲಿ `TIPPAVVA MALLAPPA HUGAR`. ಆಧಾರ್‌ನಲ್ಲಿ `Tippawwa Hugar`, ಅಪ್ಪನ ಹೆಸರೇ ಇಲ್ಲ, V ಬದಲು W. ಪ್ಯಾನ್ ಎಸ್ಸೆಸ್ಸೆಲ್ಸಿ ತರಹ ಇದೆ. ಒಂದು ಬ್ಯಾಂಕಿನಲ್ಲಿ `Tippavva M Hugar`. ಇನ್ನೊಂದರಲ್ಲಿ ಆಧಾರ್ ತರಹ. ಜನನ ಪ್ರಮಾಣಪತ್ರ ತೆಗೆಸಿದರೆ ಹೆಸರಿನ ಜಾಗ ಖಾಲಿ, ಬರೀ ಹೆಣ್ಣು ಎಂದಿದೆ. ಇದು ನೋಡಿ ತಲೆ ಕೆಟ್ಟುಹೋಯಿತು.

ಗೋಕಾಕ ಕರದಂಟು

ತಂಗಿ, ನನ್ನ ಕತೆ ಕೇಳು, ಈ W ಎಷ್ಟು ದುಬಾರಿ ಎಂದು ಗೊತ್ತಾಗುತ್ತದೆ. ನಾನು ಹೆಸರು ಬದಲಾಯಿಸಿದಾಗ ಏಜೆಂಟ್ ಕೈಗೆ ಆಧಾರ್ ಒಂದೇ ಕೊಟ್ಟಿದ್ದೆ. ಅವನು ಆಧಾರ್ ನೋಡಿಯೇ ಹಳೆ ಹೆಸರು ಟೈಪ್ ಮಾಡಿದ. ಗೆಜೆಟ್ ಬಂತು. ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲಾ ಆಯಿತು. ಪೇಡೆ ಹಂಚಿದೆ. ಎರಡು ವರ್ಷದ ಮೇಲೆ ಒಂದು ಕಂಪನಿಯಲ್ಲಿ ಕಾಗದ ಪರಿಶೀಲನೆ. ಅವರು ಎಸ್ಸೆಸ್ಸೆಲ್ಸಿ ಕಾರ್ಡು ಗೆಜೆಟ್ ಪಕ್ಕ ಇಟ್ಟು ಕೇಳಿದರು: "ಗೆಜೆಟ್‌ನಲ್ಲಿ ಹಳೆ ಹೆಸರು ಅಂತ ಇರುವ ಮನುಷ್ಯ ಬೇರೆ, ಈ ಕಾರ್ಡಿನ ಮನುಷ್ಯ ಬೇರೆ. ನೀವು ಯಾರು?" ನನ್ನ ಬಳಿ ಉತ್ತರ ಇರಲಿಲ್ಲ.

ತಪ್ಪು ದಿಲ್ಲಿಯವರದ್ದಲ್ಲ. ನಾವು ಕಳಿಸಿದ್ದನ್ನೇ ಅವರು ಅಚ್ಚು ಹಾಕಿದ್ದರು. ಮತ್ತೆ ಅಫಿಡವಿಟ್, ಮತ್ತೆ ಜಾಹೀರಾತು, ಮತ್ತೆ ದುಡ್ಡು. ಈಗ ನನ್ನ ಹತ್ತಿರ ಎರಡು ಗೆಜೆಟ್ ಇವೆ. ಎಲ್ಲಿ ಹೋದರೂ ಎರಡೂ ತೋರಿಸಿ ಕತೆ ಹೇಳಬೇಕು.

ಟೈಪಿಂಗ್ ಅಂಗಡಿ, ಬೆಳಗಾವಿ

ಇದನ್ನೇ ನಾನು ಹೇಳಲು ಹೊರಟಿದ್ದೆ. ಗೆಜೆಟ್ ಅಂದರೆ ಒಂದು ಸೇತುವೆ. ಆ ಕಡೆ ಕಂಬ ಎಸ್ಸೆಸ್ಸೆಲ್ಸಿ ಮೇಲೆ ನಿಲ್ಲಬೇಕು. ಯಾಕೆಂದರೆ ಬದಲಾಗದ ಕಾಗದ ಅದೊಂದೇ. ಆಧಾರ್ ನಾಳೆ ಹೇಗೂ ಹೊಸದಾಗುತ್ತದೆ.

ತಂಗಿ, ನಿಮ್ಮ ಅಫಿಡವಿಟ್, ಜಾಹೀರಾತು, ಗೆಜೆಟ್ ಸೂಚನೆ ಮೂರರಲ್ಲೂ ಹಳೆ ಹೆಸರು ಹೀಗಿರಲಿ:

```
TIPPAVVA MALLAPPA HUGAR alias TIPPAWWA HUGAR
alias TIPPAVVA M HUGAR
```

ಹೊಸ ಹೆಸರು ಒಂದೇ, ಅಲಿಯಾಸ್ ಇಲ್ಲದೆ:

```
TRUPTI MALLAPPA HUGAR
```

ಮೂರು ಮಾತು ಗಮನದಲ್ಲಿಡಿ. ತೃಪ್ತಿ ಹೆಸರನ್ನು ನಾವು ಇಲ್ಲಿ `TRUPTI` ಎಂದು ಬರೆಯುತ್ತೇವೆ, ಉತ್ತರದವರು `TRIPTI` ಎನ್ನುತ್ತಾರೆ. ದಿಲ್ಲಿಗೆ ಹೋಗುವ ಕಾಗದ, ಯಾರೋ ಸರಿ ಮಾಡಿದೆ ಎಂದು ಬದಲಾಯಿಸಬಾರದು. ಕಳಿಸುವ ಮುಂಚೆ ಸಾಫ್ಟ್ ಕಾಪಿಯನ್ನೂ ಸಹಿ ಮಾಡಿದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡೂ ಒಂದೇ ಎಂದು ಬರೆದುಕೊಡುವವರು ನೀವೇ. ಎರಡನೆಯದು, ಸೂಚನೆಯ ಕೆಳಗೆ ಸಹಿ ಹಳೆ ಹೆಸರಿನದ್ದು ಹಾಕಿ. ಉತ್ಸಾಹದಲ್ಲಿ ತೃಪ್ತಿ ಎಂದು ಸಹಿ ಮಾಡಿ ಕಳಿಸಿದವರಿದ್ದಾರೆ. ಮೂರನೆಯದು, ಅಪ್ಪನ ಹೆಸರು ಮತ್ತು ಅಡ್ಡಹೆಸರು ಮುಟ್ಟಬೇಡಿ. ಜಾತಿ ಪ್ರಮಾಣಪತ್ರ ಪರಿಶೀಲಿಸುವಾಗ ಅಪ್ಪನ ಶಾಲೆ ದಾಖಲೆ ತನಕ ಹೋಗುತ್ತಾರೆ. ಹೂಗಾರ ಹೋಗಿ ಇನ್ನೇನೋ ಬಂದರೆ ಅಲ್ಲಿ ಸುಮ್ನೆ ಸಂಶಯ.

ಜನನ ಪ್ರಮಾಣಪತ್ರದ ಖಾಲಿ ಜಾಗದ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಜನನ ಪ್ರಮಾಣಪತ್ರ ಕಡ್ಡಾಯ ಆಗಿದ್ದು 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ. ಪಾಸ್‌ಪೋರ್ಟಿಗೂ ನಿಮ್ಮ ವಯಸ್ಸಿನವರಿಗೆ ಎಸ್ಸೆಸ್ಸೆಲ್ಸಿ ನಡೆಯುತ್ತದೆ.

ಕೊಲ್ಹಾಪುರ ಬಸ್ಸು

ಅಲ್ಲಾ, ಗೆಜೆಟ್‌ನಲ್ಲಿ ಬಂದ ಮೇಲೆ ಅದು ಸರ್ಕಾರಿ ಆದೇಶ ಅಲ್ವಾ? ಬೋರ್ಡ್ ಯಾಕೆ ಕೇಳಲ್ಲ?

ಟೈಪಿಂಗ್ ಅಂಗಡಿ, ಬೆಳಗಾವಿ

ಆದೇಶ ಅಲ್ಲ ತಮ್ಮಾ. ಆ ಭಾಗದ ಮೇಲುಗಡೆ ಅವರೇ ಅಚ್ಚು ಹಾಕಿರುತ್ತಾರೆ, ಇಲ್ಲಿನ ಜಾಹೀರಾತು ಮತ್ತು ಸಾರ್ವಜನಿಕ ಸೂಚನೆಗಳಿಗೆ ನಾವು ಕಾನೂನು ಹೊಣೆ ಹೊರುವುದಿಲ್ಲ, ಪ್ರಕಟಿಸಿದವರೇ ಹೊಣೆ ಎಂದು. ಅಂದರೆ ಸರ್ಕಾರ ನಿನಗೆ ಹೆಸರು ಕೊಟ್ಟಿಲ್ಲ. ನೀನು ಬದಲಾಯಿಸಿಕೊಂಡಿದ್ದನ್ನು ಊರಿಗೆಲ್ಲಾ ಕೇಳುವ ಹಾಗೆ ಡಂಗುರ ಸಾರಿದೆ. ಡಂಗುರ ಕೇಳಿದವನು ಒಪ್ಪಬೇಕೋ ಬೇಡವೋ ಎನ್ನುವುದು ಆಯಾ ಇಲಾಖೆಯ ನಿಯಮ. ಬ್ಯಾಂಕಿನ ನಿಯಮದಲ್ಲಿ ಗೆಜೆಟ್ ಎಂದು ಬರೆದಿದೆ, ಅದಕ್ಕೆ ಒಪ್ಪುತ್ತಾರೆ. ಬೋರ್ಡಿನದ್ದು ಬೇರೆ ನಿಯಮ.

ಜಮಖಂಡಿ ಕಡೆಯವಳು

ಈಗ ಅರ್ಥ ಆಯಿತು. ಗೆಜೆಟ್ ಬಂದ ಮೇಲೆ ಮೊದಲು ಯಾವುದು?

ಬ್ಯಾಂಕಿನ ಕೌಂಟರ್‌ನವ

ಮೊದಲು ಆಧಾರ್. ಕಾರಣ ಇದೆ. ಪ್ಯಾನ್ ಆಧಾರ್‌ಗೆ ಜೋಡಣೆ ಆಗಿದೆ, ಬ್ಯಾಂಕ್ ಎರಡಕ್ಕೂ. ಪ್ಯಾನ್ ಮೊದಲು ಬದಲಾಯಿಸಿದರೆ ಆಧಾರ್ ಹಳೆ ಹೆಸರಲ್ಲಿ ಉಳಿದು ಎರಡರ ಹೆಸರು ಕೂಡುವುದಿಲ್ಲ. ಆಧಾರ್ ಆದ ಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ವೋಟರ್ ಕಾರ್ಡಿಗೆ ಫಾರ್ಮ್ 8, ಅದು ನಿಧಾನಕ್ಕೆ ಮಾಡಿದರೂ ನಡೆಯುತ್ತದೆ.

ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವನದಲ್ಲಿ ಎರಡೇ ಅವಕಾಶ. ನೀವು W ಸರಿ ಮಾಡಿಸಲು ಒಂದು ಖರ್ಚು ಮಾಡಿ, ಆಮೇಲೆ ತೃಪ್ತಿಗೆ ಇನ್ನೊಂದು ಖರ್ಚು ಮಾಡಬೇಡಿ. ಆಪರೇಟರ್ ಒಂದು ಅಕ್ಷರ ತಪ್ಪು ಹೊಡೆದರೆ ಆಮೇಲೆ ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಬೆನ್ನು ಹತ್ತಬೇಕು. W ಇರಲಿ ಬಿಡಿ, ಅಲಿಯಾಸ್‌ನಲ್ಲಿ ಅದು ಬಂದಿದೆಯಲ್ಲ. ಒಂದೇ ಸಲಕ್ಕೆ ಹೊಸ ಹೆಸರು ಹಾಕಿಸಿ. ಸ್ಕ್ರೀನ್ ಮೇಲೆ ಕನ್ನಡದ ಹೆಸರನ್ನೂ ಓದಿ ನೋಡಿ. ಇಂಗ್ಲಿಷ್‌ನಿಂದ ತಾನೇ ಬರುವ ಕನ್ನಡದಲ್ಲಿ ತೃಪ್ತಿ ಹೋಗಿ ತ್ರುಪ್ತಿ ಆಗಿರುತ್ತದೆ.

ಇನ್ನೊಂದು, ನಿಮ್ಮ ಬ್ಯಾಂಕಿನವರು ಗೆಜೆಟ್ ಒರಿಜಿನಲ್ ತನ್ನಿ ಎಂದರೆ ಗಾಬರಿ ಆಗಬೇಡಿ. 2015ರ ಅಕ್ಟೋಬರ್‌ನಿಂದ ಕೇಂದ್ರದ ಗೆಜೆಟ್ ಕಾಗದದ ಮೇಲೆ ಅಚ್ಚಾಗುವುದೇ ಇಲ್ಲ. egazette.gov.in ನಲ್ಲಿ ಸಿಗುವ ಪಿಡಿಎಫ್ ಫೈಲೇ ಒರಿಜಿನಲ್. ಮೊದಲ ಪುಟ ಮತ್ತು ನಿಮ್ಮ ಹೆಸರಿರುವ ಪುಟ ಎರಡನ್ನೂ ಪ್ರಿಂಟ್ ತೆಗೆಯಿರಿ. ಬರೀ ಹೆಸರಿನ ಪುಟ ತಂದರೆ ಯಾವ ವಾರದ್ದು ಎಂದು ಗೊತ್ತಾಗುವುದಿಲ್ಲ. ಫೈಲನ್ನು ನಿಮ್ಮ ಮೇಲ್‌ಗೆ ನೀವೇ ಕಳಿಸಿಕೊಂಡು ಇಟ್ಟುಕೊಳ್ಳಿ.

ನಿವೃತ್ತ ಮಾಸ್ತರ

ಒಂದು ಮಾತು. ಈ ಮಗಳು ಶಿಕ್ಷಕಿ ನೇಮಕಾತಿಗೆ ಅರ್ಜಿ ಹಾಕುವವಳು. ಅರ್ಜಿಯಲ್ಲಿ ಹೆಸರು ಎಸ್ಸೆಸ್ಸೆಲ್ಸಿಯಲ್ಲಿ ಇದ್ದಂತೆ ಎಂದು ಕೇಳುತ್ತಾರೆ. ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಪ್ರವೇಶಪತ್ರದಲ್ಲಿ ತಿಪ್ಪವ್ವ, ಆಧಾರ್‌ನಲ್ಲಿ ತೃಪ್ತಿ. ಬಾಗಿಲಲ್ಲಿ ನಿಂತ ಪರಿವೀಕ್ಷಕ ಗೆಜೆಟ್ ಓದುತ್ತಾ ಕೂರುತ್ತಾನಾ? ನಾನು ಆ ಬಾಗಿಲಲ್ಲಿ ನಿಂತವನು, ನನಗೆ ಗೊತ್ತು. ನೌಕರಿ ಆಗುವ ತನಕ ಸುಮ್ಮನಿರುವುದು ಲೇಸು.

ಗೋಕಾಕ ಕರದಂಟು

ಮಾಸ್ತರೇ, ನೌಕರಿ ಆದ ಮೇಲೆ ಸೇವಾ ಪುಸ್ತಕ, ಇಲಾಖೆಯ ಅನುಮತಿ, ಇನ್ನೊಂದು ರಾಮಾಯಣ. ಈಗಲೇ ಮಾಡಿಕೊಂಡರೆ ಸೇರುವ ದಿನವೇ ಹೊಸ ಹೆಸರಿನ ದಾಖಲೆ ತೋರಿಸಬಹುದು.

ನಿವೃತ್ತ ಮಾಸ್ತರ

ನಿನ್ನ ಮಾತಿನಲ್ಲೂ ಅರ್ಥ ಇದೆ. ಆದರೆ ನೇಮಕಾತಿ ಮುಂದೆ ಇಟ್ಟುಕೊಂಡು ಮಗಳು ಗಂಡಾಂತರ ತೆಗೆದುಕೊಳ್ಳಬೇಕಾ? ನನಗೆ ಒಪ್ಪಿಗೆ ಇಲ್ಲ.

ಟೈಪಿಂಗ್ ಅಂಗಡಿ, ಬೆಳಗಾವಿ

ನಡುವಿನ ದಾರಿ ಹೇಳುತ್ತೇನೆ. ಗೆಜೆಟ್ ಈಗಲೇ ಮಾಡಿಸಿ ಇಟ್ಟುಕೊಳ್ಳಿ, ಅದು ಹಳಸುವ ವಸ್ತು ಅಲ್ಲ. ಆಧಾರ್ ಮಾತ್ರ ಅರ್ಜಿ ಹಾಕಿದ ದಿನದಿಂದ ಪರೀಕ್ಷೆ ಮುಗಿಯುವ ತನಕ ಮುಟ್ಟಬೇಡಿ. ಜಾತಿ ಪ್ರಮಾಣಪತ್ರವೂ ಹಳೆ ಹೆಸರಲ್ಲೇ ಇರಲಿ, ಅದರ ಆರ್.ಡಿ. ನಂಬರ್ ಅರ್ಜಿಯಲ್ಲಿ ಹಾಕುತ್ತೀರಿ. ಎಲ್ಲಾ ಹಳೆ ಹೆಸರಲ್ಲಿ ಒಂದೇ ಸಾಲಾಗಿ ಇರುತ್ತವೆ. ಆದರೆ ಮೂಲ ದಾಖಲೆ ಪರಿಶೀಲನೆಗೂ ಆದೇಶಕ್ಕೂ ನಡುವೆ ಬದಲಾಯಿಸಬಹುದಾ ಎಂದರೆ, ನನ್ನ ಅಂಗಡಿಗೆ ಬಂದವರಲ್ಲಿ ಒಬ್ಬರದ್ದು ಸುಸೂತ್ರ ಆಯಿತು, ಒಬ್ಬರು ಮೂರು ಸಲ ಓಡಾಡಿದರು.

ಜಮಖಂಡಿ ಕಡೆಯವಳು

ಎಲ್ಲರಿಗೂ ಬಹಳ ಉಪಕಾರ ಆಯಿತು. ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಹೆಸರು ಬದಲಾಯಿಸುವುದು ಅಷ್ಟು ಇಷ್ಟ ಇರಲಿಲ್ಲ. ಅವರ ಹೆಸರು, ಅಡ್ಡಹೆಸರು ಉಳಿಯುತ್ತದೆ ಎಂದ ಮೇಲೆ ಆಯ್ತು ಎಂದರು. ಸೋಮವಾರ ಬೆಳಗಾವಿಗೆ ಬರುತ್ತೇನೆ ಅಣ್ಣಾ. ಏನೇನು ತರಲಿ?

ಟೈಪಿಂಗ್ ಅಂಗಡಿ, ಬೆಳಗಾವಿ

ನನ್ನ ಹತ್ತಿರವೇ ಬರಬೇಕೆಂದಿಲ್ಲ, ಜಮಖಂಡಿ ಕೋರ್ಟ್ ಎದುರೂ ಟೈಪ್ ಮಾಡುವವರಿದ್ದಾರೆ. ಎಲ್ಲಿ ಹೋದರೂ ಎಲ್ಲಾ ಮೂಲ ಕಾಗದ ಒಯ್ಯಿರಿ. ಆಧಾರ್ ಒಂದೇ ಕೊಟ್ಟು ಚಹಾ ಕುಡಿಯಲು ಹೋಗಬೇಡಿ. ಟೈಪ್ ಮಾಡುವಾಗ ಪಕ್ಕದಲ್ಲೇ ಕುಳಿತುಕೊಳ್ಳಿ.

ಅಂದ ಹಾಗೆ, ನಿಮ್ಮ ಪಟ್ಟಿಯಲ್ಲಿ ಪಿಯುಸಿ ಕಾಣಲಿಲ್ಲ. ಅದರಲ್ಲಿ ಹೇಗಿದೆ?

ಜಮಖಂಡಿ ಕಡೆಯವಳು

ಅಯ್ಯೋ, ಅದನ್ನು ನೋಡಲೇ ಇಲ್ಲ. ಟ್ರಂಕಿನಲ್ಲಿದೆ, ತೆಗೆದು ಬರುತ್ತೇನೆ.

…

ಅಣ್ಣಾ, ನನ್ನ ಹೆಸರು ಸರಿ ಇದೆ. ಅಪ್ಪನ ಹೆಸರು `MALAPPA` ಎಂದಿದೆ. ಒಂದು L ಇಲ್ಲ. ಇದನ್ನೂ ಅಲಿಯಾಸ್‌ಗೆ ಸೇರಿಸಲಾ?

ಟೈಪಿಂಗ್ ಅಂಗಡಿ, ಬೆಳಗಾವಿ

ಬೇಡ. ಇದು ಅಚ್ಚಿನ ತಪ್ಪು. ಎಸ್ಸೆಸ್ಸೆಲ್ಸಿಯಲ್ಲಿ ಸರಿಯಾಗಿ ಇರುವುದರಿಂದ ಅದೇ ಸಾಕ್ಷಿ. ಮಾಸ್ತರರು ಹೇಳಿದ ದಾರಿ ಇಲ್ಲಿ ಕೆಲಸ ಮಾಡುತ್ತದೆ. ನೀವು ಓದಿದ ಕಾಲೇಜಿನ ಪ್ರಾಚಾರ್ಯರ ಮೂಲಕ ಬೋರ್ಡಿಗೆ ತಿದ್ದುಪಡಿ ಅರ್ಜಿ ಹಾಕಿ. ಆದರೆ ಅದನ್ನು ಗೆಜೆಟ್‌ಗಿಂತ ಮೊದಲು, ತಿಪ್ಪವ್ವ ಎನ್ನುವ ಹೆಸರಲ್ಲೇ ಹಾಕಿ. ತೃಪ್ತಿ ಎಂದು ಸಹಿ ಮಾಡಿ ಹೋದರೆ ಅವರು ಒಂದು L ಬಿಟ್ಟು ಪೂರ್ತಿ ಹೆಸರಿನ ಬಗ್ಗೆ ಪ್ರಶ್ನೆ ಶುರು ಮಾಡುತ್ತಾರೆ.

ನಿವೃತ್ತ ಮಾಸ್ತರ

ಯಾವ ಕಾಲೇಜು ಮಗಳೇ? ಅಲ್ಲಿಯ ಪ್ರಾಚಾರ್ಯರು ನನ್ನ ಶಿಷ್ಯ ಇರಬಹುದು.